ಗಂಟು ಹೋದ ದಿನ, ಬೀಗದ ಕೈ ಕೊಟ್ಟ ದಿನ

ನನ್ನ ಅತ್ತೆಯ ಹೊಟ್ಟೆಯಲ್ಲಿ ಎಷ್ಟು ಖಾರದ ರೊಟ್ಟಿ-ಪಲ್ಯವಾದರೂ ನಿಲ್ಲುತ್ತಿತ್ತು, ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಯಾರಿಗೂ ಹೇಳಬೇಡಿ ಎಂದು ನಾವು ಹೇಳಿದ್ದು ಸಂಜೆಯೊಳಗೆ ಬಾವಿಕಟ್ಟೆಗೆ ಮುಟ್ಟಿರುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಬಣ್ಣಕ್ಕೆ ಮುಗಿಯಲಿಲ್ಲ. ನಲವತ್ತು ರೂಪಾಯಿ ಅನಾಮತ್ತು ಮುಳುಗುವ ತನಕ ಹೋಯಿತು.

ಈಗಿನವರು ಡಿಪಾಜಿಟ್ಟು ಅನ್ನುವುದಕ್ಕೆ ಆಗ ನಮ್ಮ ಕಡೆ ಅನಾಮತ್ತು ಅನ್ನುತ್ತಿದ್ದರು. ನಾವು ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಇದ್ದ ಮನೆಗೆ ತಿಂಗಳಿಗೆ ಎಂಟು ರೂಪಾಯಿ ಬಾಡಿಗೆ, ಐದು ತಿಂಗಳ ಬಾಡಿಗೆಯಷ್ಟು ಅನಾಮತ್ತು. ಮಾಲಕರು ಹತ್ತಿ ವ್ಯಾಪಾರದ ಸಾವ್ಕಾರರು. ಅವರ ದೊಡ್ಡ ಮನೆಯ ಎದುರಿಗೆ, ಒಂದು ಓಣಿ ದಾಟಿದರೆ ನಮ್ಮದು. ಕೆಟ್ಟವರಲ್ಲ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು, ಬಾಡಿಗೆ ನಾಲ್ಕು ದಿನ ತಡವಾದರೆ ಕೆಮ್ಮುತ್ತಲೂ ಇರಲಿಲ್ಲ. ಆದರೆ ಅವರಿಗೊಂದು ಚಟವಿತ್ತು. ಮುಂಬೈಯಿಂದ ಹತ್ತಿಯ ಧಾರಣೆಯ ತಾರು, ಅಂದರೆ ತಂತಿ, ಬಂದರೆ ಮೊದಲ ಸಾಲು ಓದಿ, ತಿಳಿಯಿತು ಎಂದು ಮಡಚಿ ಜೇಬಿಗೆ ಇಡುತ್ತಿದ್ದರು. ಯಾವ ಕಾಗದವನ್ನಾದರೂ ಹಾಗೆಯೇ ಓದುತ್ತಿದ್ದರು. ಹತ್ತಿಯಲ್ಲಿ ಅದು ನಡೆಯುತ್ತಿತ್ತೋ ಏನೋ, ಕರಾರುಪತ್ರದಲ್ಲಿ ನಡೆಯುವುದಿಲ್ಲ.

ನನ್ನ ಮಾವನವರು ಸಾಲಿ ಮಾಸ್ತರರು. ಇಡೀ ತರಗತಿಯನ್ನು ಒಂದು ಕಣ್ಣಿನಲ್ಲಿ ನಡುಗಿಸುತ್ತಿದ್ದವರು, ಶಾಲೆಯ ಹೊಸಲು ದಾಟಿದರೆ ತಾವೇ ನಡುಗುತ್ತಿದ್ದರು. ಗಂಡ ಆಗ ಪುಣೆಯಲ್ಲಿ ಓದುತ್ತಿದ್ದರು. ಈ ಕತೆಗೆ ಅವರು ಬರುವುದಿಲ್ಲ, ಬಂದಿದ್ದರೂ ಅವರಿಂದ ಏನೂ ಆಗುತ್ತಿರಲಿಲ್ಲ. ಮನೆಯಲ್ಲಿ ಇದ್ದವರು ಮೂವರು. ಮಾವ, ಅತ್ತೆ, ಮತ್ತು ಮದುವೆಯಾಗಿ ಎರಡು ವರ್ಷವಾಗಿದ್ದ ನಾನು. ನಾನು ತವರಿನಲ್ಲಿ ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಬಂದವಳು. ಅತ್ತೆ ಅದನ್ನೂ ಬಾವಿಕಟ್ಟೆಯಲ್ಲಿ ಸಾರಿಬಿಟ್ಟಿದ್ದರಿಂದ ಓಣಿಯ ಹೆಂಗಸರ ಪತ್ರಗಳನ್ನೆಲ್ಲ ನಾನೇ ಓದಿ ಹೇಳಬೇಕಾಗುತ್ತಿತ್ತು.

ಆ ವರ್ಷ ಜೂನ್ ಶುರುವಿಗೆ ಮಾವನವರಿಗೆ ಧಾರವಾಡಕ್ಕೆ ವರ್ಗವಾಯಿತು. ಐದನೇ ತಾರೀಖು ಅವರು ಸಾವ್ಕಾರರಿಗೆ ನೋಟೀಸು ಬರೆದುಕೊಟ್ಟರು: ಇವತ್ತಿನಿಂದ ಒಂದು ತಿಂಗಳ ಮೇಲೆ ಮನೆ ಬಿಡುತ್ತೇವೆ. ಸಾವ್ಕಾರರು ಅದರ ನಕಲಿನ ಮೇಲೆ ಮುಟ್ಟಿತು ಎಂದು ಸಹಿ ಹಾಕಿದರು. ಅಲ್ಲಿಗೆ ಎಲ್ಲ ಸುಸೂತ್ರ. ಆದರೆ ಹದಿನೈದು ದಿನದೊಳಗೆ ಆಷಾಢ ಬರುತ್ತಿತ್ತು. ಆಷಾಢದಲ್ಲಿ ಹೊಸ ಮನೆಯ ಹೊಸಲು ತುಳಿಯುವುದೆಂದರೆ ಅತ್ತೆಗೆ ಕೈಯಾರೆ ಒಲೆಗೆ ನೀರು ಸುರಿದಂತೆ. ಜೂನಿನಲ್ಲೇ ಬಿಡೋಣವೆಂದರೆ ನೋಟೀಸಿನ ತಿಂಗಳು ತುಂಬುವುದಿಲ್ಲ. ಶ್ರಾವಣದ ತನಕ ಕಾಯೋಣವೆಂದರೆ ಧಾರವಾಡದ ಶಾಲೆ ಕಾಯುವುದಿಲ್ಲ.

ಇದಕ್ಕೆ ಅತ್ತೆಯ ಬಳಿ ಮದ್ದು ಇತ್ತು. ಪ್ರಸ್ಥಾನ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಚೆನ್ನಾಗಿರುವ ದಿನ ನೋಡಿ, ಒಂದು ಗಂಟು ಕಟ್ಟಿ ಮೊದಲೇ ಬೇರೆ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೋದರೆ ನಾವು ಹೋದಂತೆ. ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ. ಆದರೆ ಪ್ರಯಾಣದ ಪ್ರಸ್ಥಾನಕ್ಕೆ ಐದೇ ದಿನದ ಗಡುವು ಎಂದು ಮಾವ ಸಣ್ಣ ದನಿಯಲ್ಲಿ ನೆನಪಿಸಿದರು. ಇದು ಪ್ರಯಾಣದ್ದಲ್ಲ, ಮನೆಯದು, ಹಾಲು ಉಕ್ಕಿಸಿ ಬಂದರೆ ಗಡುವಿಲ್ಲ ಎಂದು ಅತ್ತೆ ತಾವೇ ಕಾಯಿದೆ ಮಾಡಿ ತಾವೇ ಪಾಸು ಮಾಡಿದರು.

ಹಾಲು ಉಕ್ಕಿಸಬೇಕಾದರೆ ಹೊಸ ಮನೆಯ ಕೀಲಿ ಬೇಕು. ಕೀಲಿ ಬೇಕಾದರೆ ಅಲ್ಲಿಯ ಮಾಲಕರಿಗೆ ಮೂವತ್ತೈದು ರೂಪಾಯಿ ಅನಾಮತ್ತು ಮೊದಲು ಎಣಿಸಬೇಕು. ಹಳೆಯ ಮನೆಯ ನಲವತ್ತು ಕೈಗೆ ಬರುವುದು ಮನೆ ಬಿಟ್ಟ ಮೇಲೆ. ಬಾಡಿಗೆ ಮನೆಯವರ ಗೋಳೇ ಇದು, ಒಂದು ಕೈ ಬಿಡುವ ಮೊದಲೇ ಇನ್ನೊಂದು ಕೈ ಹಿಡಿಯಬೇಕು. ಮಾವನವರು ಎರಡು ದಿನ ಊಟ ಬಿಟ್ಟು ಕೂತರು. ನನಗೆ ನೋಡಲಾಗಲಿಲ್ಲ. ಅಪ್ಪ ಮದುವೆಯಲ್ಲಿ ಹಾಕಿದ ಚಿನ್ನದ ಬಳೆ, ಪಾಟಲಿ ಜೋಡಿಯನ್ನು ಬಿಚ್ಚಿ ಅತ್ತೆಯ ಉಡಿಯಲ್ಲಿ ಹಾಕಿದೆ. ಮಾವ ಅದನ್ನು ಹುಬ್ಬಳ್ಳಿಯ ಸರಾಫರಲ್ಲಿ ಒತ್ತೆ ಇಟ್ಟು ಮೂವತ್ತೈದು ತಂದರು. ಅತ್ತೆ ಆ ರಾತ್ರಿ ನನ್ನ ಬರಿಗೈ ಹಿಡಿದುಕೊಂಡು ಅತ್ತರು.

ನಾಗರಪಂಚಮಿಗೆ ಮಗಳನ್ನು ಕರೆಯಲು ಅಪ್ಪ ಬಂದೇ ಬರುತ್ತಿದ್ದರು. ಅಷ್ಟರೊಳಗೆ ಪಾಟಲಿ ನನ್ನ ಕೈಗೆ ಬರಬೇಕು. ಬೀಗರ ಕಣ್ಣಿಗೆ ಸೊಸೆಯ ಬರಿಗೈ ಬಿದ್ದರೆ ಮಾವನವರು ಮತ್ತೆ ತಲೆ ಎತ್ತುತ್ತಿರಲಿಲ್ಲ. ಈ ವಿಷಯ ಯಾರಿಗೂ ಹೇಳಬಾರದೆಂದು ಅತ್ತೆಯಿಂದ ದೇವರ ಮುಂದೆ ಆಣೆ ಮಾಡಿಸಿಕೊಂಡೆ. ಆ ತಿಂಗಳ ಮಟ್ಟಿಗೆ ಅದೊಂದನ್ನು ಅವರು ಪಾಲಿಸಿದರು ಕೂಡ. ಬೇರೆಯದನ್ನು ಪಾಲಿಸಲಿಲ್ಲ.

ಜೂನ್ ಹದಿನಾಲ್ಕಕ್ಕೆ ಧಾರವಾಡಕ್ಕೆ ಹೋಗಿ ಗಂಟು ಇಟ್ಟು, ಹಾಲು ಉಕ್ಕಿಸಿ, ಸಂಜೆಯ ಗಾಡಿಗೆ ಅತ್ತೆ ಮರಳಿದರು. ಬಂದವರೇ ಸಾವ್ಕಾರರ ಹೆಂಡತಿಗೆ ಓಣಿಯ ಈ ದಡದಿಂದಲೇ ಕೂಗಿ ಹೇಳಿದರು: "ಇವತ್ತಿಗೆ ನಿಮ್ಮ ಮನಿ ಬಿಟ್ಟಂಗಾತ್ರಿ ಅಕ್ಕಾರ. ಇನ್ನ ನಾವಿಲ್ಲಿ ಬರೇ ಬಂದು ಹೋಗೂ ಪಾವಣ್ಯಾರು." ಜಗಲಿಯಲ್ಲಿ ಸಾವ್ಕಾರರು ಅಡಿಕೆ ಕತ್ತರಿಸುತ್ತ ಕೂತಿದ್ದರು. ಅವರ ಕತ್ತರಿ ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದೆ. ಏನೋ ಲೆಕ್ಕ ಹಾಕುತ್ತಿದ್ದಾರೆ ಎಂದುಕೊಂಡೆ, ನಮ್ಮದೇ ಲೆಕ್ಕ ಎಂದು ಹೊಳೆಯಲಿಲ್ಲ.

ಜುಲೈ ಒಂದಕ್ಕೆ ಜೂನಿನ ಬಾಡಿಗೆ ಕೊಟ್ಟೆವು. ಎಂಟನೇ ತಾರೀಖು ಚಕ್ಕಡಿಯಲ್ಲಿ ಸಾಮಾನು ಹೇರಿ ಕಳಿಸಿ, ಮನೆ ಗುಡಿಸಿ, ಮಾವನವರು ಬೀಗದ ಕೈ ಒಪ್ಪಿಸಿದರು. ಪುಕ್ಕಲರಾದರೂ ಮಾಸ್ತರರಲ್ಲವೇ, ಕೀಲಿ ಮುಟ್ಟಿದ್ದಕ್ಕೆ ತಾರೀಖು ಹಾಕಿ ಒಂದು ಚೀಟಿ ಬರೆಸಿಕೊಂಡರು. ಸಾವ್ಕಾರರು ಬರೆದುಕೊಟ್ಟರು. ಅನಾಮತ್ತು ಎಂದೊಡನೆ ಕರಾರುಪತ್ರ ತೆಗೆದು, ಐದನೇ ಕಲಮಿನ ಮೇಲೆ ಬೆರಳಿಟ್ಟು, ಮೊದಲ ಸಾಲು ಓದಿದರು: ಬಾಡಿಗೆದಾರರು ಮನೆ ಬಿಡುವ ಒಂದು ತಿಂಗಳ ಮೊದಲು ಬರಹದ ಮೂಲಕ ತಿಳಿಸತಕ್ಕದ್ದು. ಓದಿ ಕಾಗದ ಮಡಚಿದರು. ನೋಟೀಸು ಕೊಟ್ಟದ್ದು ಐದಕ್ಕೆ, ಮನೆ ಬಿಟ್ಟದ್ದು ಹದಿನಾಲ್ಕಕ್ಕೆ, ನಡುವೆ ಒಂಬತ್ತೇ ದಿನ. ಕರಾರು ಮುರಿಯಿತು, ಅನಾಮತ್ತು ಹೋಯಿತು ಎಂದರು. ಮಾವನವರು ತೊದಲಿದರು. ಸಾವ್ಕಾರರು ಸಿಟ್ಟಾಗಲಿಲ್ಲ, ಬೇಸರದಿಂದಲೇ ಹೇಳಿದರು, ನಿಮ್ಮ ಮನೆಯವರೇ ಓಣಿಗೆಲ್ಲ ಕೇಳುವಂತೆ ಬಿಟ್ಟೆವು ಅಂದರಲ್ಲ, ಪ್ರಸ್ಥಾನ ಇಟ್ಟಮೇಲೆ ಮನೆ ಬಿಟ್ಟಂತೆ ಎಂದು ಶಾಸ್ತ್ರವೂ ಹೇಳುತ್ತದೆ, ನಾನು ಶಾಸ್ತ್ರ ಮೀರಲೇ ಎಂದು.

ತಮಾಷೆಯೆಂದರೆ ಮಾವನವರೂ ಅದನ್ನು ನಂಬಿಬಿಟ್ಟರು. ಅತ್ತೆಯಂತೂ ತಮ್ಮ ಬಾಯಿಗೆ ತಾವೇ ನಾಲ್ಕು ಏಟು ಹಾಕಿಕೊಂಡು, ಸಾವ್ಕಾರರು ಹೇಳಿದ್ದು ಖರೇ, ಗಂಟು ಇಟ್ಟಮೇಲೆ ಬಿಟ್ಟಂತೆಯೇ, ಇಲ್ಲ ಅಂದರೆ ಪ್ರಸ್ಥಾನವೇ ಸುಳ್ಳಾಗುತ್ತದೆ ಎಂದು ಅಳತೊಡಗಿದರು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ನನಗೆ ಮೈಯೆಲ್ಲ ಉರಿಯಿತು. ಆದರೆ ಸೊಸೆ ಉರಿದರೆ ಯಾರು ಕೇಳುತ್ತಾರೆ?

ಧಾರವಾಡಕ್ಕೆ ಬಂದು ಟ್ರಂಕು ತೆರೆದಾಗ ಮೊದಲು ಹುಡುಕಿದ್ದು ಕರಾರಿನ ನಮ್ಮ ನಕಲನ್ನು. ಮಾವನವರ ಹಳೆಯ ಉತ್ತರಪತ್ರಿಕೆಗಳ ನಡುವೆ ಸಿಕ್ಕಿತು. ಐದನೇ ಕಲಮನ್ನು ಮೊದಲ ಸಾಲಿಗೆ ನಿಲ್ಲದೆ ಓದಿದೆ. ಎರಡನೆಯ ಸಾಲು ಹೀಗಿತ್ತು: ಬೀಗದ ಕೈ ಒಪ್ಪಿಸಿದ ದಿನವೇ ಮನೆ ಬಿಟ್ಟ ದಿನವೆಂದು ತಿಳಿಯತಕ್ಕದ್ದು. ಮೂರನೆಯದು: ತಿಂಗಳಿಗೆ ಕಡಿಮೆಯಾದಲ್ಲಿ ಕಡಿಮೆಯಾದಷ್ಟು ದಿನದ ಬಾಡಿಗೆಯನ್ನು ಮಾತ್ರ ಅನಾಮತ್ತಿನಿಂದ ಮುರಿದುಕೊಂಡು, ಉಳಿದದ್ದನ್ನು ಎಂಟು ದಿನದೊಳಗೆ ಹಿಂದಿರುಗಿಸತಕ್ಕದ್ದು.

ಎರಡು ಸಲ ಓದಿದೆ, ಬೆರಳು ಮಡಚಿ ಎಣಿಸಿದೆ. ಜೂನ್ ಐದರಿಂದ ಜುಲೈ ಎಂಟು. ತಿಂಗಳು ತುಂಬಿ ಮೂರು ದಿನ ಹೆಚ್ಚೇ ಆಗಿತ್ತು. ಅಷ್ಟೇ ಅಲ್ಲ, ಒಂಬತ್ತೇ ದಿನ ಎಂದು ಹಿಡಿದರೂ ಮುರಿದುಕೊಳ್ಳಬೇಕಾದ್ದು ಕಡಿಮೆಬಿದ್ದ ದಿನಗಳ ಬಾಡಿಗೆ, ಹೆಚ್ಚೆಂದರೆ ಐದಾರು ರೂಪಾಯಿ. ನಲವತ್ತೂ ಮುಳುಗುವ ಮಾತು ಇಡೀ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಸಾವ್ಕಾರರು ಧಾರಣೆ ಓದಿದಂತೆ ಓದಿದ್ದರು, ನಮ್ಮ ಮಾಸ್ತರರು ಓದದೆಯೇ ಫೇಲಾಗಿದ್ದರು. ನಾನು ಒಲೆಯ ಮುಂದೆ ಕೂತು ಒಬ್ಬಳೇ ನಕ್ಕೆ.

ಮಾವನವರಿಗೆ ತೋರಿಸಿದೆ. ಅವರ ಮುಖ ಅರಳಿತು, ಮತ್ತೆ ಬಾಡಿತು. ಎದುರು ಕೂತು ಓದಿ ಹೇಳುವುದು ಯಾರು? ಅದು ತಮ್ಮಿಂದ ಆಗದೆಂದು ಅವರೇ ಒಪ್ಪಿಕೊಂಡರು. ನಾವು ಹೆಂಗಸರು ಹೋಗಲು ನೆಪ ಬೇಕಲ್ಲ. ದೇವರು ದೊಡ್ಡವನು, ಸಾವ್ಕಾರರ ಹೆಂಡತಿಯಿಂದ ಇಸಕೊಂಡಿದ್ದ ಶಾವಿಗೆ ಮಣೆ ನಮ್ಮ ಸಾಮಾನಿನ ಜೊತೆ ಚಕ್ಕಡಿ ಹತ್ತಿ ಬಂದುಬಿಟ್ಟಿತ್ತು. ಅಪ್ಪ ಬರುವುದಕ್ಕೆ ನಾಲ್ಕು ದಿನ ಉಳಿದಿದ್ದಾಗ, ಮಣೆಯನ್ನು ಹೆಗಲ ಮೇಲಿಟ್ಟುಕೊಂಡ ಮಾವ ಮುಂದೆ, ನಾವಿಬ್ಬರು ಹಿಂದೆ, ಹುಬ್ಬಳ್ಳಿಗೆ ಹೊರಟೆವು.

ಸಾವ್ಕಾರರು ಗಾದಿಯ ಮೇಲೆ, ಮಾವ ಅದರ ಅಂಚಿಗೆ. ಅತ್ತೆ, ಸಾವ್ಕಾರರ ಹೆಂಡತಿ ಒಳಬಾಗಿಲ ಬಳಿ. ನಾನು ಬಾಗಿಲ ಮರೆಯಲ್ಲಿ ತಲೆತುಂಬ ಸೆರಗು ಹೊದ್ದು. ಹೊರಗಿನ ಹಿರಿಯ ಗಂಡಸರ ಜೊತೆ ಸೊಸೆಯಂದಿರು ನೇರ ಮಾತಾಡುವಂತಿರಲಿಲ್ಲ. ಹಾಗಾಗಿ ನಾನು ಅತ್ತೆಗೆ ಹೇಳುವುದು, ಅತ್ತೆ ಸಾವ್ಕಾರರಿಗೆ ಹೇಳುವುದು, ಸಾವ್ಕಾರರು ನನಗೆ ಕೊಡುವ ಉತ್ತರವನ್ನು ಅತ್ತೆಗೆ ಕೊಡುವುದು ಎಂದು ಮಾತು ನಡೆಯಿತು. ಮೂವರೂ ಇದ್ದದ್ದು ಒಂದೇ ಕೋಣೆಯಲ್ಲಿ, ನಾಲ್ಕು ಮೊಳ ಅಂತರದಲ್ಲಿ.

ನಾನು ಕಲಮನ್ನು ಪೂರ್ತಿ ಓದಿದೆ. ಸಾವ್ಕಾರರು ತಮ್ಮ ಅಸಲು ಕಾಗದವನ್ನು ತರಿಸಿ, ಕನ್ನಡಕ ಏರಿಸಿ, ಎರಡನೆಯ ಸಾಲಿಗೆ ಇಳಿದರು. ಬಹುಶಃ ಹುಟ್ಟಿದಾಗಿನಿಂದ ಮೊದಲ ಸಲ ಎರಡನೆಯ ಸಾಲಿಗೆ ಇಳಿದದ್ದು. ಹೊತ್ತು ಹಿಡಿಯಿತು. ಮೂರನೆಯದನ್ನೂ ಓದಿದರು. ಹತ್ತಿ ಕುಸಿದಾಗ ಮಾಡುವ ಮುಖ ಮಾಡಿದರು. ಆದರೂ ಬಿಡಲಿಲ್ಲ. ಈ ಸಾಲು ಪ್ರಸ್ಥಾನ ನಂಬದವರಿಗಾಗಿ ಬರೆದದ್ದು, ಇವರು ನಂಬುವವರು, ಹಾಲು ಉಕ್ಕಿಸಿ ಬಂದವರು, ಇವರಿಗೆ ಗಂಟು ಹೋದ ದಿನವೇ ದಿನ ಎಂದರು. ಅತ್ತೆ ಹೌದೆಂದು ತಲೆಯಾಡಿಸಹತ್ತಿದರು. ನಾನು ಹಿಂದಿನಿಂದ ಅವರ ಸೆರಗು ಜಗ್ಗಿದೆ.

ಇಲ್ಲಿ ನಾನೊಂದು ಹಳೆಯ ಕಳ್ಳತನವನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ನಾವು ಆ ಮನೆಗೆ ಬಂದ ದಿನ, ಅಡಿಗೆಮನೆಯ ಗೋಡೆಯ ಮಾಡದಲ್ಲಿ ಒಂದು ಹಳದಿ ಗಂಟು ಕೂತಿತ್ತು. ಸಾವ್ಕಾರರು ಮುಂಬೈಗೆ ಹೋಗುವವರಿದ್ದರು, ಹೊರಡುವ ದಿನ ಚೆನ್ನಾಗಿರಲಿಲ್ಲ, ಅದಕ್ಕೆ ಎದುರಿನ ಖಾಲಿ ಮನೆಯಲ್ಲಿ ಪ್ರಸ್ಥಾನ ಇಟ್ಟಿದ್ದರು. ಹೊರಡುವಾಗ ಅವರು ಎತ್ತಿಕೊಂಡು ಹೋಗುವ ತನಕ, ಮೂರು ದಿನ, ಅದು ನಮ್ಮ ಮಾಡದಲ್ಲೇ ಇತ್ತು. ನಾನು ಹೊಸ ಮದುವಣಗಿತ್ತಿ, ಅತ್ತೆಯ ಮನೆಯಲ್ಲಿ ಕೇಳಿ ತಿನ್ನುವ ಧೈರ್ಯವಿಲ್ಲ, ಹಸಿವಿಗೆ ನಾಚಿಕೆಯಿಲ್ಲ. ಗಂಟು ಬಿಚ್ಚಿ ಅದರೊಳಗಿನ ಬೆಲ್ಲ, ಕೊಬ್ಬರಿ ತಿಂದು, ತೂಕಕ್ಕೆ ಒಂದು ಕಲ್ಲು ಕಟ್ಟಿಟ್ಟೆ. ಆ ಬೆಲ್ಲ ಬಾಯಲ್ಲಿದ್ದಾಗಲೇ ಮಾವನವರು ಓಣಿ ದಾಟಿ ಬಂದು, ಈಗಷ್ಟೇ ಕರಾರಿಗೆ ಸಾವ್ಕಾರರ ಸಹಿ ಆಯಿತು, ನಾಳೆ ಅವರು ಮುಂಬೈಗೆ ಹೊರಡುತ್ತಾರೆ ಎಂದು ಹೇಳಿದ್ದರು. ಅಂಥದ್ದು ಮರೆಯುತ್ತದೆಯೇ?

"ಅತ್ತಿ, ಸಾವ್ಕಾರ್ರನ್ನ ಕೇಳ್ರಿ," ಎಂದೆ. "ಈ ಕರಾರಿಗೆ ಸಹಿ ಮಾಡಿದ ದಿನ ಅವರು ಹುಬ್ಬಳ್ಳ್ಯಾಗ ಇದ್ರೋ, ಮುಂಬೈಯಾಗ ಇದ್ರೋ?"

"ಇದೇ ಗಾದಿ ಮ್ಯಾಲ ಕುಂತು ಸಹಿ ಮಾಡೇನಿ ಅಂತ ಹೇಳ್ರಿ ನಿಮ್ಮ ಸೊಸೀಗೆ," ಎಂದರು ಸಾವ್ಕಾರರು.

"ಹಂಗಾರ ಅವತ್ತು ನಮ್ಮ ಮಾಡದಾಗ ಕುಂತಿದ್ದ ಗಂಟು ಯಾರದು ಅಂತ ಕೇಳ್ರಿ."

ಅತ್ತೆ ಕೇಳಲಿಲ್ಲ. ಅವರ ಬಾಯಿ ಜೀವಮಾನದಲ್ಲಿ ಒಮ್ಮೆ ತೆರೆದೇ ನಿಂತಿತು. ನಾನೇ ಮುಂದುವರಿಸಿದೆ, ಅತ್ತೆಯ ಬೆನ್ನಿಗೆ ಹೇಳುವವಳಂತೆ.

"ಗಂಟು ಹೋದ್ರ ಮನಷ್ಯಾ ಹೋದಂಗ ಅಂದ್ರ, ಅವತ್ತು ಸಾವ್ಕಾರ್ರು ಊರಾಗ ಇರಲಿಲ್ಲ. ಊರಾಗ ಇಲ್ಲದವರ ಸಹಿ ನಡ್ಯೂದಿಲ್ಲ. ಕರಾರೇ ಇಲ್ಲಂದ್ರ ಐದನೇ ಕಲಮೂ ಇಲ್ಲ, ನಮ್ಮ ರೊಕ್ಕ ನಮಗ ಬರಬೇಕು. ಇಲ್ಲಾ, ಗಂಟು ದೇವರ ಲೆಕ್ಕಕ್ಕ ಅಷ್ಟ, ಕಾಗದದ ಲೆಕ್ಕಕ್ಕಲ್ಲ ಅಂದ್ರ, ನಾವೂ ಬೀಗದ ಕೈ ಕೊಟ್ಟ ದಿನಾನ ಬಿಟ್ಟೇವಿ. ಯಾವುದು ಬೇಕೋ ಅವರೇ ಆರಿಸಿಕೊಳ್ಳಲಿ."

ಮೊದಲು ನಕ್ಕದ್ದು ಸಾವ್ಕಾರರ ಹೆಂಡತಿ, ಬಾಯಿಗೆ ಸೆರಗು ತುರುಕಿಕೊಂಡು. ಸಾವ್ಕಾರರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿದರು. ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಹೊಟ್ಟೆ ಕುಣಿಯುವಂತೆ ನಕ್ಕು, ತಪ್ಪಾಯಿತು ಮಾಸ್ತರ, ಲೆಕ್ಕ ಮಾಡ್ರಿ ಎಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಅತ್ತೆಯ ಪ್ರಸ್ಥಾನಕ್ಕೂ ಊನ ಬರಲಿಲ್ಲ.

ಲೆಕ್ಕಕ್ಕೆ ಬಂದಕೂಡಲೇ ಮಾವನವರಿಗೆ ಜೀವ ಬಂತು. ಜುಲೈನ ಎಂಟು ದಿನದ ಬಾಡಿಗೆ ಇನ್ನೂ ಕೊಡುವುದಿತ್ತು. ತಿಂಗಳಿಗೆ ಎಂಟರಂತೆ ಅದು ಎರಡು ರೂಪಾಯಿ ಒಂದಾಣೆ. ಗೋಡೆಯ ಮಸಿ, ನೆಲದ ಸವೆತಕ್ಕೆ ಏನೂ ಹಿಡಿಯುವಂತಿಲ್ಲ, ವಾಸವಿದ್ದರೆ ಅದು ಆಗುವುದೇ. ಮುರಿದದ್ದಕ್ಕೆ ಹಿಡಿಯಬೇಕು. ಏನೂ ಮುರಿದಿಲ್ಲ ಎಂದು ಮಾವ ಹೇಳುವಷ್ಟರಲ್ಲಿ ಅತ್ತೆ, ಹಿತ್ತಲ ಬಾಗಿಲ ಚಿಲಕ ತಾವೇ ಮುರಿದದ್ದೆಂದು ಕೇಳದೆಯೇ ಹೇಳಿಬಿಟ್ಟರು. ಚಿಲಕಕ್ಕೆ ಹದಿನೈದಾಣೆ. ಒಟ್ಟು ಮೂರು ರೂಪಾಯಿ ಮುರಿದು ಮೂವತ್ತೇಳು ಕೈಗೆ ಬಂತು. ಮಾವನವರು ಪಾವತಿ ಬರೆದರು: ಅನಾಮತ್ತಿನ ಪೈಕಿ ಇಂತಿಷ್ಟು ಮುರಿದು ಉಳಿದದ್ದು ರೋಖು ಮುಟ್ಟಿತು, ಇನ್ನು ಒಬ್ಬರದೊಬ್ಬರಿಗೆ ಬಾಕಿಯಿಲ್ಲ. ಇಪ್ಪತ್ತು ರೂಪಾಯಿ ಮೀರಿದ ಪಾವತಿಗೆ ಒಂದಾಣೆಯ ರೆವಿನ್ಯೂ ತಿಕೀಟು ಹಚ್ಚಬೇಕಿತ್ತು. ಸಹಿ ಮಾಡುವವರದೇ ಖರ್ಚು ಎಂದು ಸಾವ್ಕಾರರು ನೆನಪಿಸಿದರು. ಕರಾರಿನ ಅಸಲು, ನಕಲು ಎರಡರ ಮೇಲೂ ಅಡ್ಡಲಾಗಿ ಚುಕ್ತಾ ಎಂದು ಬರೆದರು.

ಏಳುವಾಗ ಸಾವ್ಕಾರರು ನಿಟ್ಟುಸಿರು ಬಿಟ್ಟು, ಆ ಸಲದ ಮುಂಬೈ ಪ್ರವಾಸ ಮಾತ್ರ ಯಾಕೋ ಪೂರಾ ನುಕಸಾನು ಆಯಿತು, ಪ್ರಸ್ಥಾನ ಸರಿಯಾಗೇ ಇಟ್ಟಿದ್ದೆ ಎಂದರು. ನನಗೆ ಜೋರು ಕೆಮ್ಮು ಬಂತು. ಪಾಪ, ಗಂಟಿನಲ್ಲಿದ್ದ ಕಲ್ಲನ್ನು ಅವರು ಮುಂಬೈಯ ತನಕ ಹೊತ್ತಿದ್ದರು.

ಅಲ್ಲಿಂದ ನೇರ ಸರಾಫರ ಅಂಗಡಿ. ಅಸಲು, ಬಡ್ಡಿ ಸೇರಿ ಮೂವತ್ತಾರು. ಪಾಟಲಿ ಕೈಗೆ ಏರಿಸಿಕೊಂಡಾಗ ತಣ್ಣಗಿತ್ತು, ಧಾರವಾಡದ ನಿಲ್ದಾಣ ಬರುವಷ್ಟರಲ್ಲಿ ನನ್ನ ಮೈಯಷ್ಟೇ ಬೆಚ್ಚಗಾಗಿತ್ತು. ಗಾಡಿಯಲ್ಲಿ ಅತ್ತೆಗೆ ಮತ್ತೆ ಆಣೆ ಹಾಕಿಸಿದೆ. ಈಗಂತೂ ಹೇಳಲೇಬೇಡಿ, ಪಾಟಲಿ ಬಂದಿದೆ, ಅಪ್ಪನಿಗೆ ಗೊತ್ತಾಗುವ ಕಾರಣವೇ ಇಲ್ಲ ಎಂದು. ಅತ್ತೆ ಆಗಲೆಂದರು.

ಅಪ್ಪ ಹೇಳಿದ ದಿನವೇ ಬಂದರು. ನಾನು ಕಾಲಿಗೆ ನೀರು ಕೊಟ್ಟೆ. ತಂಬಿಗೆ ಎತ್ತುವಾಗ ಬೇಕೆಂದೇ ಪಾಟಲಿ ಸಪ್ಪಳ ಮಾಡಿದೆ. ಅಪ್ಪ ಒಂದು ಕಾಲು ತೊಳೆದಿದ್ದರು, ಇನ್ನೊಂದು ತೊಳೆದಿರಲಿಲ್ಲ. ಅಷ್ಟರಲ್ಲಿ ಅತ್ತೆ ಹೊಸಲಿಗೆ ಬಂದು ನಿಂತರು.

"ಬೀಗರ, ನಿಮ್ಮ ಮಗಳ ಪಾಟ್ಲಿ ಒಂದು ತಿಂಗಳು ಸರಾಫನ ಮನ್ಯಾಗ ಇದ್ದೂರಿ. ನಮ್ಮ ತ್ರಾಸಿಗೆ ಆಕೀನ ಬಿಚ್ಚಿ ಕೊಟ್ಲು. ಈಗ ಬಂದಾವು. ನಿಮಗ ಹೇಳಲಾರದ ಆಕೀನ ನಿಮ್ಮ ಜೋಡಿ ಕಳಸಾಕ ನನಗ ಮನಸ್ಸಿಲ್ಲ."

ನನಗೆ ಭೂಮಿ ಬಾಯಿ ತೆರೆಯಬಾರದೇ ಅನಿಸಿತು. ಒಳಗೆ ಮಾವನವರು ಕೂತಲ್ಲಿಯೇ ತಲೆ ತಗ್ಗಿಸಿದರು. ಅತ್ತೆಯ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಇಡೀ ಓಣಿಗೆ ಕೇಳುವಂತೆ ಮಾತಾಡುತ್ತಿದ್ದ ಅತ್ತೆಯ ದನಿ ಆವತ್ತು ಅಪ್ಪನಿಗೆ ಮಾತ್ರ ಕೇಳುವಷ್ಟಿತ್ತು.

ಅಪ್ಪ ಇನ್ನೊಂದು ಕಾಲನ್ನೂ ನಿಧಾನವಾಗಿ ತೊಳೆದರು. ನನ್ನ ಕೈ ನೋಡಲಿಲ್ಲ, ಅತ್ತೆಯ ಮುಖ ನೋಡಿದರು.

"ಇಕೀ ಅವ್ವನ ಪಾಟ್ಲಿ ಮೂರು ಸಲ ಹೋಗಿ ಬಂದಾವ್ರಿ ಅಕ್ಕಾರ," ಎಂದರು. "ಒಮ್ಮೆನೂ ನಮ್ಮ ಮಾವಗ ಹೇಳೂ ಧೈರ್ಯ ನನಗ ಆಗಲಿಲ್ಲ."

ಮಾವನವರು ತಲೆ ಎತ್ತಿ ಎದ್ದು ಬಂದು ಕಾಲು ಒರೆಸಿಕೊಳ್ಳಲು ಅಪ್ಪನಿಗೆ ಪಂಜೆ ಕೊಟ್ಟರು. ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಸಾವ್ಕಾರರ ಗಂಟಿನ ಕತೆಯನ್ನು ಮೊದಲಿನಿಂದ ಹೇಳಿದರು. ಅಪ್ಪ ನಗುತ್ತ ನಗುತ್ತ ತುತ್ತು ಬಿಟ್ಟರು. ಬೆಲ್ಲ ತಿಂದದ್ದನ್ನು ನಾನು ಅತ್ತೆಗೆ ಹೇಳಿರಲಿಲ್ಲ, ಹೇಳಿದ್ದರೆ ಅದೂ ಆವತ್ತೇ ಹುಬ್ಬಳ್ಳಿಗೆ ಮುಟ್ಟುತ್ತಿತ್ತು.